ಹೂಜಿ ಫೋಟೊಕ್ಕೆ ಕಿಟಕಿ ಬೆಳಕೋ, ಅಂಗಳದ ನೆರಳೋ?

ಮಾರಾಟಕ್ಕೆ ಫೋಟೊ ತೆಗೆಯಲು ಕಲಬುರಗಿಯ ಬೇಸಿಗೆ ಬಿಸಿಲಿಗೆ ನೇರವಾಗಿ ಇಟ್ಟರೆ ಕೆಂಪು ಮಣ್ಣಿನ ಹೂಜಿಯ ಒಂದು ಮಗ್ಗುಲು ಬೆಳ್ಳಗಾಗಿ, ಇನ್ನೊಂದು ಕಪ್ಪಾಗುತ್ತದೆ. ಹಾಗಾಗಿ ಉಳಿಯುವ ಆಯ್ಕೆ ಎರಡೇ.

ಅಂಗಳದ ನೆರಳಲ್ಲಿ ಬೆಳಕು ಎಲ್ಲೆಡೆ ಸಮ. ನಾಲ್ಕಾರು ಪಾತ್ರೆ ಒಟ್ಟಿಗೆ ತೆಗೆಯಲು ಅದೇ ಸಲೀಸು. ಆದರೆ ನೀಲಿ ಆಕಾಶದ ಛಾಯೆ ಬಿದ್ದು ಕೆಂಪು ಮಂಕಾಗುತ್ತದೆ, ಪಕ್ಕದಲ್ಲಿ ಹಸಿರು ಗೋಡೆಯಿದ್ದರೆ ಅದರ ಬಣ್ಣವೂ ಅಂಟುತ್ತದೆ. ಮಣ್ಣಿನ ಮೇಲೆ ಕುಂಬಾರರ ಕೈಬೆರಳು ಮೂಡಿಸಿದ ಗೆರೆಗಳಂತೂ ಕಾಣುವುದೇ ಇಲ್ಲ.

ಒಂದೊಂದೇ ಪಾತ್ರೆ ಮಾರುವವರು ಕಿಟಕಿಯನ್ನೇ ಆರಿಸಿ. ಬಿಸಿಲು ನೇರ ಬೀಳದ ಕಿಟಕಿಯಿಂದ ಎರಡು ಅಡಿ ದೂರ, ಶಹಾಬಾದ್ ಕಲ್ಲಿನ ಮೇಲೆ ಹೂಜಿ ಇಡಿ. ಆ ಬೂದು ಬಣ್ಣಕ್ಕೆ ಕೆಂಪು ಎದ್ದು ಕಾಣುತ್ತದೆ. ಪಕ್ಕದಿಂದ ಬರುವ ಬೆಳಕು ಗೆರೆಗಳನ್ನು ಎತ್ತಿ ತೋರಿಸುತ್ತದೆ. ಎದುರು ಬದಿಗೆ ಒಂದಡಿಯಲ್ಲಿ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಕೋಣೆಯ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಎರಡು ಬಣ್ಣದ ಬೆಳಕು ಕಲೆಯುತ್ತದೆ.

ಫೋನಿನ ದೂರ, ಕೋನದಲ್ಲೂ ಹೀಗೇ ಆಯ್ಕೆ ಮಾಡಬೇಕು. ಹತ್ತಿರದಿಂದ ತೆಗೆದರೆ ಹೊಟ್ಟೆ ಉಬ್ಬಿ, ಬುಡ ಸಣ್ಣದಾಗುತ್ತದೆ. ಗ್ರಾಹಕರಿಗೆ ಬೇರೆಯೇ ಆಕಾರ ತೋರಿಸಿದಂತೆ. ನಾಲ್ಕು ಅಡಿ ಹಿಂದೆ ಸರಿದು, ಜೂಮ್ 2x ಇಟ್ಟು, ಫೋನನ್ನು ಹೂಜಿಯ ನಡುಮಟ್ಟಕ್ಕೆ ಇಳಿಸಿ. ಬಟ್ಟಲು, ತಟ್ಟೆಗೆ ಮಾತ್ರ ಒಳಗಿನ ಮೆರುಗು ಕಾಣುವಂತೆ ಓರೆಯಾಗಿ ಮೇಲಿನಿಂದ.