ಹಸಿ ತೂಕವೋ ಬೆಂದ ತೂಕವೋ: ಆರು ವಾರ ಎರಡನ್ನೂ ತೂಗಿ ನೋಡಿದೆ

ಅಕ್ಕಿ ಬೆಂದರೆ ಅನ್ನ. ಎರಡಕ್ಕೂ ಬೇರೆ ಬೇರೆ ಹೆಸರಿರುವುದರಿಂದ ಆಹಾರದ ಲೆಕ್ಕ ಬರೆಯುವಾಗ ಕನ್ನಡಿಗರಿಗೆ ಇಲ್ಲಿ ಗೊಂದಲ ಕಡಿಮೆ. ಬೇಳೆ ಮಾತ್ರ ಬೆಂದ ಮೇಲೂ ಬೇಳೆಯೇ, ಮಾಂಸವೂ ಮಾಂಸವೇ. ನನ್ನ ಲೆಕ್ಕ ತಪ್ಪುತ್ತಿದ್ದುದು ಅಲ್ಲೇ. ಹಾಗಾಗಿ ಆರು ವಾರ ಪ್ರತಿ ಅಡುಗೆಯನ್ನೂ ಬೇಯಿಸುವ ಮೊದಲು ಒಮ್ಮೆ, ಬೆಂದ ಮೇಲೆ ಒಮ್ಮೆ ತಕ್ಕಡಿಗಿಟ್ಟು ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದೆ.

ಬೇಯುವಾಗ ತೂಕ ಬದಲಾಗುವುದು ಮುಖ್ಯವಾಗಿ ನೀರಿನಿಂದ. ಅಕ್ಕಿ, ಬೇಳೆ ನೀರು ಹೀರಿಕೊಳ್ಳುತ್ತವೆ. ಮಾಂಸ ನೀರು ಬಿಡುತ್ತದೆ. ಹೀಗಾಗಿ ತಪ್ಪುಗಳೂ ವಿರುದ್ಧ ದಿಕ್ಕಿಗೆ ಓಡುತ್ತವೆ. 200 ಗ್ರಾಂ ಅನ್ನವನ್ನು ಅಕ್ಕಿಯೆಂದು ಬರೆದರೆ 260ರ ಆಸುಪಾಸಿನಲ್ಲಿರಬೇಕಾದ ಕ್ಯಾಲೊರಿ 720 ಆಗುತ್ತದೆ. ಬೆಂದ ಕೋಳಿಯನ್ನು ಹಸಿ ಕೋಳಿಯೆಂದು ಬರೆದರೆ ತಿಂದದ್ದಕ್ಕಿಂತ ಕಡಿಮೆ ಲೆಕ್ಕ ಬರುತ್ತದೆ.

ಅನ್ನದಲ್ಲಿ ಎರಡು ವಿಧಾನಗಳ ಅಂತರ ಸಹಿಸಬಹುದಾದಷ್ಟೇ ಇತ್ತು. 300 ಗ್ರಾಂ ಅಕ್ಕಿ ಒಂದು ದಿನ ಉದುರುದುರಾಗಿ ಬೆಂದು 750 ಗ್ರಾಂ ಆಯಿತು. ನೀರು ಹೆಚ್ಚು ಹಾಕಿದ ದಿನ 900 ಗ್ರಾಂ. ಎರಡೂ ದಿನ ತಟ್ಟೆಗೆ ಬಂದದ್ದು 200 ಗ್ರಾಂ ಅನ್ನ. ಅದರೊಳಗಿದ್ದ ಅಕ್ಕಿ ಮೊದಲ ದಿನ 80 ಗ್ರಾಂ, ಎರಡನೆಯ ದಿನ 67 ಗ್ರಾಂ. ಕ್ಯಾಲೊರಿಯಲ್ಲಿ 288 ಮತ್ತು 240. ಆ್ಯಪಿನಲ್ಲಿ ‘ಬೇಯಿಸಿದ ಅನ್ನ’ ಎಂದು ಆರಿಸಿದರೆ ಎರಡೂ ದಿನ 260 ಎಂದೇ ತೋರಿಸುತ್ತದೆ. ಬೇರೆಯವರ ಮನೆಯಲ್ಲಿ ಊಟ ಮಾಡಿದ ದಿನ ಇಷ್ಟು ಸಾಕು.

ಬೇಳೆಯಲ್ಲಿ ಬೆಂದ ತೂಕ ಪೂರ್ತಿ ಕೈಕೊಟ್ಟಿತು. ಅನ್ನ ತಾಳುವ ನೀರಿಗೊಂದು ಮಿತಿಯಿದೆ, ಬೇಳೆಗೆ ಅಂಥದ್ದಿಲ್ಲ. ಎಷ್ಟು ನೀರು ಸುರಿದರೂ ಅದು ಬಟ್ಟಲಿಗೇ ಬರುತ್ತದೆ. 150 ಗ್ರಾಂ ಒಣ ಬೇಳೆಯನ್ನು ಒಮ್ಮೆ ಗಟ್ಟಿಯಾಗಿ ಮಾಡಿದಾಗ 600 ಗ್ರಾಂ, ತೆಳುವಾಗಿ ಮಾಡಿದಾಗ 1000 ಗ್ರಾಂ ಆಯಿತು. 200 ಗ್ರಾಂ ಬಟ್ಟಲಿನಲ್ಲಿ ಗಟ್ಟಿಯ ದಿನ ಇದ್ದದ್ದು 50 ಗ್ರಾಂ ಬೇಳೆ, ಅಂದರೆ ಸುಮಾರು 170 ಕ್ಯಾಲೊರಿ, 11 ಗ್ರಾಂ ಪ್ರೋಟೀನ್. ತೆಳುವಿನ ದಿನ 30 ಗ್ರಾಂ ಬೇಳೆ, ಸುಮಾರು 100 ಕ್ಯಾಲೊರಿ, ಪ್ರೋಟೀನ್ ಆರೂವರೆ ಗ್ರಾಂ. ‘ಬೇಯಿಸಿದ ಬೇಳೆ’ಯ ಲೆಕ್ಕ ಎರಡಕ್ಕೂ 240 ಕ್ಯಾಲೊರಿ ಕೊಟ್ಟಿತು. ಆ ಅಂಕಿ ನೀರು ಬಸಿದ ಇಡೀ ಕಾಳಿನದು, ನಾವು ಬಟ್ಟಲಿನಲ್ಲಿ ಕುಡಿಯುವಂಥದ್ದರದಲ್ಲ. ಬೇಳೆಯಿಂದಲೇ ಪ್ರೋಟೀನ್ ಸಿಗುತ್ತಿದೆ ಎಂದು ನಂಬಿಕೊಂಡವರಿಗೆ ಈ ತಪ್ಪು ದುಬಾರಿ. ನಾನೂ ತಿಂಗಳುಗಟ್ಟಲೆ ಹಾಗೆಯೇ ನಂಬಿದ್ದೆ.

ಕೋಳಿಯ ಎದೆಮಾಂಸ 500 ಗ್ರಾಂ ಬಾಣಲೆಯಲ್ಲಿ ಬೆಂದು 375 ಗ್ರಾಂಗೆ ಇಳಿಯಿತು. ನನ್ನ ಪಾಲು 150 ಗ್ರಾಂ, ಅಂದರೆ ಹಸಿ ಲೆಕ್ಕದಲ್ಲಿ 200 ಗ್ರಾಂ: 240 ಕ್ಯಾಲೊರಿ, 45 ಗ್ರಾಂ ಪ್ರೋಟೀನ್. ಬೆಂದ ಮಾಂಸದ ಅಂಕಿಯೂ ಇದಕ್ಕೆ ಹತ್ತಿರವೇ ಬಂತು, 248. ಆದರೆ ಆ 150 ಗ್ರಾಂ ಅನ್ನು ಹಸಿ ಮಾಂಸದ ಹೆಸರಿನಲ್ಲಿ ಬರೆದರೆ ಪ್ರೋಟೀನ್ 34ಕ್ಕೆ ಬೀಳುತ್ತದೆ. ಒಂದು ದಿನ ಒಲೆಯ ಮೇಲೆ ಹೆಚ್ಚು ಹೊತ್ತು ಬಿಟ್ಟು 330 ಗ್ರಾಂ ಉಳಿದಾಗ ಬೆಂದ ತೂಕದ ಅಂಕಿಯೂ ಜಾರಿತು: ಅದೇ 150 ಗ್ರಾಂ ಪಾಲಿಗೆ ಹಸಿ ಲೆಕ್ಕದಲ್ಲಿ ಸುಮಾರು 273 ಕ್ಯಾಲೊರಿ, ಬೆಂದ ಲೆಕ್ಕದಲ್ಲಿ 248. ಕೊಬ್ಬು ಹೆಚ್ಚಿರುವ ಮಾಂಸದಲ್ಲಿ ಮಾತ್ರ ಹಸಿ ತೂಕವೂ ಸೋಲುತ್ತದೆ. ಕರಗಿದ ಕೊಬ್ಬನ್ನು ಚೆಲ್ಲಿದರೆ ಅದು ಹೊಟ್ಟೆಗೆ ಹೋಗಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತದೆ.

ಹಾಗಾಗಿ ಈಗ ನಾನು ಬರೆಯುವುದು ಹಸಿ ತೂಕವನ್ನೇ. ಬೆಂದ ತೂಕವನ್ನು ಪಾಲು ಹಂಚುವುದಕ್ಕೆ ಮಾತ್ರ ಬಳಸುತ್ತೇನೆ. ನನ್ನ ಪಾಲನ್ನು ಬೆಂದದ್ದರ ಒಟ್ಟು ತೂಕದಿಂದ ಭಾಗಿಸಿ ಹಸಿ ತೂಕದಿಂದ ಗುಣಿಸುತ್ತೇನೆ. ಒಗ್ಗರಣೆಯ ಎಣ್ಣೆಯನ್ನು ಬೇರೆಯಾಗಿ ತೂಗುತ್ತೇನೆ. ಅಕ್ಕಿ, ಬೇಳೆಯನ್ನು ನೆನೆಸುವ ಮೊದಲೇ ತೂಗಬೇಕು. ನೆನೆದವು ಆಗಲೇ ನೀರು ಕುಡಿದಿರುತ್ತವೆ. ಪಾತ್ರೆಯ ತೂಕವನ್ನು ಖಾಲಿಯಿರುವಾಗಲೇ ತೂಗಿ ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಅದು ಗೊತ್ತಿಲ್ಲದೆ ಬಿಸಿ ಅನ್ನವನ್ನೆಲ್ಲ ಬೇರೆ ಪಾತ್ರೆಗೆ ಸುರಿದು ತೂಗಿದ ದಿನಗಳಿದ್ದವು. ಕುದಿಯುವ ಪಾತ್ರೆಯನ್ನು ನೇರ ತಕ್ಕಡಿಯ ಮೇಲಿಟ್ಟರೆ ಅಂಕಿ ನಿಲ್ಲದೆ ಓಡಾಡುತ್ತದೆ. ಕೆಳಗೆ ಒಂದು ಮರದ ಹಲಗೆ ಇಟ್ಟು, ಸೊನ್ನೆಗೆ ತಂದು, ಆಮೇಲೆ ಪಾತ್ರೆ ಇಡುತ್ತೇನೆ.

ಮೂಳೆಯಿರುವ ಮಾಂಸಕ್ಕೆ ಇನ್ನೊಂದು ಹೆಜ್ಜೆ ಬೇಕು. ತಿಂದಾದ ಮೇಲೆ ಮೂಳೆಗಳನ್ನು ತೂಗಿ ನನ್ನ ಪಾಲಿನಿಂದ ಕಳೆಯುತ್ತೇನೆ, ಉಳಿದದ್ದನ್ನು ಬೆಂದ ಮಾಂಸದ ಅಂಕಿಯಲ್ಲಿ ಬರೆಯುತ್ತೇನೆ. ಹಸಿಯಾಗಿದ್ದಾಗ ಯಾವ ತುಂಡಿನಲ್ಲಿ ಎಷ್ಟು ಮೂಳೆ ಇತ್ತೆಂದು ತಿಳಿಯುವ ದಾರಿಯೇ ಇಲ್ಲವಾದ್ದರಿಂದ, ಬೆಂದ ತೂಕ ನನಗೆ ಮೇಲೆನಿಸಿದ್ದು ಇದೊಂದೇ ಕಡೆ.