ಅಗಲ ಬಾಯಿಯ ಪ್ಲಾಸ್ಟಿಕ್ ತಂತು, ಕಿರಿದಾದ ಬಾಯಿಯ ಗಾಜಿನ ತಂತು: ಪ್ರಯೋಗಾಲಯದಲ್ಲಿ ಕಂಡ ಹೋಲಿಕೆ

ಬಳ್ಳಾರಿಯ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಆಪ್ಟಿಕಲ್ ಫೈಬರ್ ಎಂದರೆ ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ತಂತು, ಅದರ ತುದಿಯಿಂದ ಗ್ರಾಫ್ ಹಾಳೆಯ ಮೇಲೆ ಬೀಳುವ ಕೆಂಪು ವೃತ್ತ, ಅಷ್ಟೇ. ವೃತ್ತ ದೊಡ್ಡದಾದಷ್ಟೂ ತಂತು ಒಳ್ಳೆಯದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸುಲಭವಾಗಿ ಬೇರೂರುತ್ತದೆ. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಲೆಂದು ಪ್ಲಾಸ್ಟಿಕ್ ತಂತುವನ್ನೂ ಬೆಳಕು ಸಾಗುವ ಒಳತಿರುಳು, ಅಂದರೆ ಕೋರ್, 50 ಮೈಕ್ರಾನ್ ಇರುವ ಗ್ರೇಡೆಡ್ ಇಂಡೆಕ್ಸ್ ಗಾಜಿನ ತಂತುವನ್ನೂ ಒಂದೇ ಮೇಜಿನ ಮೇಲಿಟ್ಟು ಅಳೆದೆ.

ಮೊದಲು ವೃತ್ತದ ಮಾತು. ಪ್ಲಾಸ್ಟಿಕ್ ತಂತುವಿನ ಕೋರ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.49, ಸುತ್ತಲಿನ ಕ್ಲ್ಯಾಡಿಂಗ್‌ನದು ಸುಮಾರು 1.40. ಒಳಗಿನ ಕಿರಣ ಇವೆರಡರ ಗಡಿಯನ್ನು ಲಂಬಕ್ಕೆ 70 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಮುಟ್ಟಿದರೆ ಸಂಪೂರ್ಣ ಆಂತರಿಕ ಪ್ರತಿಫಲನವಾಗಿ ಒಳಗೇ ಉಳಿಯುತ್ತದೆ, ಕಡಿಮೆಯಾದರೆ ಸೋರಿಹೋಗುತ್ತದೆ. ಈ ಷರತ್ತನ್ನು ತಂತುವಿನ ಬಾಯಿಗೆ ಹೊಂದಿಸಿ ಬರೆದರೆ NA = √(n₁² − n₂²) ಸಿಗುತ್ತದೆ. ಇದೇ ನ್ಯೂಮರಿಕಲ್ ಅಪರ್ಚರ್; n₁ ಕೋರ್‌ನ ಸೂಚ್ಯಂಕ, n₂ ಕ್ಲ್ಯಾಡಿಂಗ್‌ನದು. ನಮ್ಮ ತಂತುವಿಗೆ ಇದು 0.5ರ ಆಸುಪಾಸು, ಅಂದರೆ ಅಕ್ಷದಿಂದ 30 ಡಿಗ್ರಿ ಓರೆಯಾಗಿ ಬಂದ ಬೆಳಕೂ ಒಳಗೆ ಸೇರುತ್ತದೆ. ಗಾಜಿನ ತಂತುವಿನ NA 0.2; ಅದರ ಸ್ವೀಕಾರ ಕೋನ ಹನ್ನೊಂದೂವರೆ ಡಿಗ್ರಿ ಮಾತ್ರ.

ಅಳೆಯುವಾಗ ಪ್ಲಾಸ್ಟಿಕ್ ತಂತು ಒಂದು ಮೋಸ ಮಾಡುತ್ತದೆ. ಹಾಳೆಯನ್ನು 5 ಮಿ.ಮೀ. ದೂರದಲ್ಲಿಟ್ಟಾಗ ವೃತ್ತದ ವ್ಯಾಸ 6.8 ಮಿ.ಮೀ. ಬಂತು. NA = W/√(4L² + W²) ಎಂಬ ಸೂತ್ರದಲ್ಲಿ W ಜಾಗಕ್ಕೆ ವ್ಯಾಸ, L ಜಾಗಕ್ಕೆ ದೂರ ಹಾಕಿದರೆ ಉತ್ತರ 0.56. 10 ಮಿ.ಮೀ. ದೂರದಲ್ಲಿ ವ್ಯಾಸ 12.5, ಉತ್ತರ 0.53. 20 ಮಿ.ಮೀ. ದೂರದಲ್ಲಿ ವ್ಯಾಸ 24, ಉತ್ತರ 0.51. ದೂರ ಬದಲಾದರೆ ತಂತುವಿನ ಗುಣ ಬದಲಾಗಬಾರದು. ದೋಷ ಸೂತ್ರದಲ್ಲಿದೆ: ಬೆಳಕು ಒಂದು ಬಿಂದುವಿನಿಂದ ಹೊರಡುತ್ತದೆ ಎಂದು ಅದು ನಂಬಿದೆ, ಆದರೆ ಈ ಕೋರ್‌ನ ವ್ಯಾಸವೇ ಸುಮಾರು ಒಂದು ಮಿಲಿಮೀಟರ್. ಆ ಒಂದು ಮಿಲಿಮೀಟರ್ ಪ್ರತಿ ವೃತ್ತಕ್ಕೂ ಸೇರಿಕೊಂಡಿರುತ್ತದೆ. ಎರಡು ದೂರಗಳ ವ್ಯತ್ಯಾಸ ತೆಗೆದುಕೊಂಡರೆ ಅದು ತಾನಾಗಿ ಕಳೆದುಹೋಗುತ್ತದೆ. 10ರಿಂದ 20 ಮಿ.ಮೀ.ಗೆ ಹೋದಾಗ ವ್ಯಾಸ 11.5 ಹೆಚ್ಚಿತು, ಅದರ ಅರ್ಧವನ್ನು 10ರಿಂದ ಭಾಗಿಸಿದರೆ ಕೋನದ ಟ್ಯಾಂಜೆಂಟ್ 0.575, ಕೋನ 30 ಡಿಗ್ರಿ, NA 0.5. ರೆಕಾರ್ಡ್ ಪುಸ್ತಕಗಳಲ್ಲಿ ಮೂರು ಬೇರೆ ಬೇರೆ ಉತ್ತರಗಳ ಸರಾಸರಿ ಬರೆಯುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ಒಂದೇ ದಿಕ್ಕಿಗೆ ಸರಿಯುವ ದೋಷ ಸರಾಸರಿಯಿಂದ ಹೋಗುವುದಿಲ್ಲ.

ಗಾಜಿನ ತಂತುವಿಗೆ ಈ ತೊಂದರೆ ಇಲ್ಲ, ಕೋರ್ ಅಷ್ಟು ಸಣ್ಣದು. ಅದರ ತೊಂದರೆ ಬೇರೆ. ಕೆಂಪು ಲೇಸರ್ ಪೆನ್ನಿನಿಂದ ಬೆಳಕು ತುಂಬಿದರೆ ಅದು ಅಕ್ಷದ ಸಮೀಪದ ಕಿರಣಗಳಿಗೆ ಮಾತ್ರ ಸೇರಿ, ವೃತ್ತ ಇರಬೇಕಾದುದಕ್ಕಿಂತ ಚಿಕ್ಕದಾಗಿ ಬೀಳಬಹುದು. ತಂತುವನ್ನು ಪೆನ್ಸಿಲ್ಲಿಗೆ ಕೆಲವು ಸುತ್ತು ಸುತ್ತಿದಾಗ ವೃತ್ತ ಹಿಗ್ಗಿದರೆ, ಬೆಳಕು ಪೂರ್ತಿ ತುಂಬಿರಲಿಲ್ಲ ಎಂದು ಅರ್ಥ.

ಬೆಳಕು ತುಂಬುವ ಸುಲಭದಲ್ಲಿ ಪ್ಲಾಸ್ಟಿಕ್ಕಿಗೆ ಎದುರಿಲ್ಲ. ಬ್ಲೇಡಿನಿಂದ ಕತ್ತರಿಸಿ, ನಯವಾದ ಮರಳು ಕಾಗದದ ಮೇಲೆ ಉಜ್ಜಿ, ಎಲ್‌ಇಡಿಯ ಮುಂದೆ ಕೈಯಲ್ಲೇ ಹಿಡಿದರೂ ಸಾಕು. ದೊಡ್ಡ ಮೋಟಾರ್ ಡ್ರೈವ್‌ಗಳ ಒಳಗೆ ಕೆಲವು ಮೀಟರ್ ದೂರಕ್ಕೆ ಇಂಥದೇ ತಂತು ಬಳಸುವುದು ಈ ಕಾರಣಕ್ಕೇ; ವಿದ್ಯುತ್ ಗದ್ದಲವೂ ಅದಕ್ಕೆ ತಟ್ಟುವುದಿಲ್ಲ.

ಆದರೆ ಅಗಲವಾದ ಬಾಯಿಗೆ ಬೆಲೆ ತೆರಬೇಕು. ನೂರು ಮೀಟರ್ ಪ್ಲಾಸ್ಟಿಕ್ ತಂತುವಿನಲ್ಲಿ ಅಕ್ಷದ ಗುಂಟ ನೇರ ಹೋದ ಕಿರಣ 497 ನ್ಯಾನೊಸೆಕೆಂಡಿಗೆ ತಲುಪುತ್ತದೆ. ಅತಿ ಓರೆಯಾದ ಕಿರಣ ಒಳಗೆ ಅಕ್ಷಕ್ಕೆ 20 ಡಿಗ್ರಿಯಲ್ಲಿ ಸಾಗಿ, ಪ್ರತಿ 2.7 ಮಿ.ಮೀ.ಗೆ ಒಮ್ಮೆ ಗೋಡೆ ಮುಟ್ಟುತ್ತಾ, ಸುಮಾರು 37 ಸಾವಿರ ಪ್ರತಿಫಲನಗಳ ನಂತರ 529 ನ್ಯಾನೊಸೆಕೆಂಡಿಗೆ ಬರುತ್ತದೆ. ಒಟ್ಟಿಗೇ ಹೊರಟ ಬೆಳಕು 32 ನ್ಯಾನೊಸೆಕೆಂಡ್ ಹಿಂದುಮುಂದಾಗಿ ತಲುಪುತ್ತದೆ. ಬೆಳಕು ಹಿಡಿಯುವ ಒಂದೊಂದು ದಾರಿಯೂ ಒಂದೊಂದು ಮೋಡ್; ಮೋಡಲ್ ಡಿಸ್ಪರ್ಷನ್ ಎಂದರೆ ಇದೇ.

ಕಿಟ್ ಜೊತೆ ಬರುವ ತುಂಡಿನಲ್ಲಿ ಇದನ್ನು ನೋಡಲಾಗದು. ಐದು ಮೀಟರಿಗೆ ಹರಡುವಿಕೆ ಒಂದೂವರೆ ನ್ಯಾನೊಸೆಕೆಂಡ್ ಆಸುಪಾಸು. 20 ಮೆಗಾಹರ್ಟ್ಸ್ ಆಸಿಲೋಸ್ಕೋಪಿನ ಸ್ವಂತ ಏರಿಕೆಯ ಅವಧಿಯೇ 17 ನ್ಯಾನೊಸೆಕೆಂಡಿಗಿಂತ ಹೆಚ್ಚು. ಅದಕ್ಕಾಗಿ ನೂರು ಮೀಟರ್ ಸುರುಳಿ ಮತ್ತು 100 ಮೆಗಾಹರ್ಟ್ಸ್ ಸ್ಕೋಪ್ ಬಳಸಿದೆ. ಒಂದು ಮೀಟರ್ ತುಂಡಿನಲ್ಲಿ ಅರ್ಧ ಎತ್ತರದಲ್ಲಿ 8 ನ್ಯಾನೊಸೆಕೆಂಡ್ ಅಗಲವಿದ್ದ ಪಲ್ಸ್, ಸುರುಳಿಯ ಕೊನೆಯಲ್ಲಿ 15 ಆಗಿ, ಬಾಲ ಎಳೆದುಕೊಂಡು, ತೀರಾ ಮಂಕಾಗಿ ಬಂತು. ಅಗಲಗಳನ್ನು ನೇರವಾಗಿ ಕಳೆಯಬಾರದು, ವರ್ಗಗಳನ್ನು ಕಳೆಯಬೇಕು: 225ರಿಂದ 64 ಕಳೆದು ವರ್ಗಮೂಲ ತೆಗೆದರೆ 12.7.

32 ಎಲ್ಲಿ, 12.7 ಎಲ್ಲಿ? ಲೆಕ್ಕದ ಸಂಖ್ಯೆ ಮೊದಲ ಕಿರಣದಿಂದ ಕೊನೆಯ ಕಿರಣದವರೆಗಿನದು, ನಾನು ಅಳೆದದ್ದು ಅರ್ಧ ಎತ್ತರದ ಅಗಲ. ಅದಕ್ಕಿಂತ ಮುಖ್ಯ, ಹೆಚ್ಚು ಓರೆಯಾದ ಕಿರಣಗಳು ಹೆಚ್ಚು ಸಲ ಗೋಡೆ ಮುಟ್ಟಿ, ಅಲ್ಲಿನ ಸೂಕ್ಷ್ಮ ಒರಟುತನದಲ್ಲಿ ಸೋರಿ, ದಾರಿಯಲ್ಲೇ ಕ್ಷೀಣಿಸುತ್ತವೆ. ಉಳಿದವು ಬಾಗುಗಳಲ್ಲಿ ಕೋನ ಬದಲಿಸಿಕೊಳ್ಳುತ್ತವೆ. ಒಮ್ಮೆ ನಿಧಾನವಾಗಿದ್ದ ಬೆಳಕು ಮುಂದೆ ವೇಗ ಪಡೆಯುತ್ತದೆ. ಆದರೂ ಸೆಕೆಂಡಿಗೆ 100 ಮೆಗಾಬಿಟ್ ಕಳಿಸಲು ಒಂದು ಬಿಟ್‌ಗೆ ಸಿಗುವುದು 10 ನ್ಯಾನೊಸೆಕೆಂಡ್. ಸಾಧಾರಣ ಎಲ್‌ಇಡಿ ಸರ್ಕ್ಯೂಟಿನಲ್ಲಿ ಪಕ್ಕದ ಬಿಟ್‌ಗಳು ಒಂದರ ಮೇಲೊಂದು ಬೀಳುವುದು ಖಚಿತ.

ಗಾಜಿನ ತಂತುವನ್ನು ಹತ್ತು ಪಟ್ಟು ಉದ್ದಕ್ಕೆ, ಒಂದು ಕಿಲೋಮೀಟರ್ ಸುರುಳಿಯಲ್ಲಿ, 850 ನ್ಯಾನೊಮೀಟರ್ ಎಲ್‌ಇಡಿಯಿಂದ ನೋಡಿದೆ. 8 ಇದ್ದ ಅಗಲ 9 ಆಯಿತು, ಅಂದರೆ ಹರಡಿದ್ದು ಸುಮಾರು 4. ಕೋರ್ ಸೂಚ್ಯಂಕ ಒಂದೇ ಸಮನಾಗಿದ್ದು 1.48, ಕ್ಲ್ಯಾಡಿಂಗ್ 1.46 ಆಗಿದ್ದರೆ ಇಷ್ಟೇ ಉದ್ದಕ್ಕೆ 68 ನ್ಯಾನೊಸೆಕೆಂಡ್ ಹರಡಬೇಕಿತ್ತು. ಗ್ರೇಡೆಡ್ ಇಂಡೆಕ್ಸ್‌ನಲ್ಲಿ ಸೂಚ್ಯಂಕ ನಡುವಿನಿಂದ ಅಂಚಿಗೆ ಮೆಲ್ಲನೆ ಇಳಿಯುತ್ತದೆ. ಅಂಚಿನತ್ತ ಅಲೆಯುವ ಕಿರಣದ ದಾರಿ ಉದ್ದ, ಆದರೆ ಅಲ್ಲಿ ಅದರ ವೇಗವೂ ಹೆಚ್ಚು. ಎರಡೂ ಬಹುಮಟ್ಟಿಗೆ ಸರಿತೂಗುತ್ತವೆ. ಆ 4 ನ್ಯಾನೊಸೆಕೆಂಡಿನಲ್ಲಿ ಬಹುಪಾಲು ಮೋಡಲ್ ಡಿಸ್ಪರ್ಷನ್ ಅಲ್ಲವೇ ಅಲ್ಲ. ಎಲ್‌ಇಡಿಯ ಬೆಳಕಿನಲ್ಲಿ ಸುಮಾರು 40 ನ್ಯಾನೊಮೀಟರ್ ಅಗಲದ ಬಣ್ಣಗಳಿವೆ, ಗಾಜಿನಲ್ಲಿ ಒಂದೊಂದರ ವೇಗ ಒಂದೊಂದು. ಎಲ್‌ಇಡಿ ತೆಗೆದು ಅದೇ ತರಂಗದೂರದ ಲೇಸರ್ ಹಾಕಿದಾಗ ಹರಡುವಿಕೆ ನನ್ನ ಸ್ಕೋಪಿಗೆ ಕಾಣದಷ್ಟು ಕುಗ್ಗಿತು.

ಹಾಗಾಗಿ ಕೆಲವು ಮೀಟರ್ ದೂರ, ನಿಧಾನದ ಸಂಕೇತ, ಆಗಾಗ ಕಳಚಿ ಜೋಡಿಸುವ ಕೆಲಸ ಎಂದರೆ ನಾನು ಪ್ಲಾಸ್ಟಿಕ್ ಆರಿಸುತ್ತೇನೆ. ಜೀನ್ಸ್ ಹೊಲಿಯುವ ಶೆಡ್‌ನಿಂದ ಮುನ್ನೂರು ಮೀಟರ್ ಆಚೆಯ ಕಚೇರಿಗೆ ಕ್ಯಾಮೆರಾ ದೃಶ್ಯ ಒಯ್ಯಬೇಕೆಂದು ಕೇಳಿದವರಿಗೆ 50 ಮೈಕ್ರಾನ್ ಗಾಜನ್ನೇ ಹೇಳಿದೆ; ಸೆಕೆಂಡಿಗೆ ಒಂದು ಗಿಗಾಬಿಟ್ ಕಳಿಸುವ ಎಸ್‌ಎಕ್ಸ್ ಮಾಡ್ಯೂಲಿಗೆ ಈ ಬಗೆಯ ತಂತುವಿನಲ್ಲಿ 550 ಮೀಟರ್ ತನಕ ಮಾನ್ಯತೆ ಇದೆ. ಅದಕ್ಕೂ ದೂರವಾದರೆ ಸಿಂಗಲ್ ಮೋಡ್. ಅದರ ಕೋರ್ 8-9 ಮೈಕ್ರಾನ್, NA ಸುಮಾರು 0.12, ದಾರಿ ಒಂದೇ ಆದ್ದರಿಂದ ಮೋಡಲ್ ಡಿಸ್ಪರ್ಷನ್ ಇರುವುದಿಲ್ಲ. ಅದನ್ನು ಮಾತ್ರ ಕೆಂಪು ಬೆಳಕಿನಲ್ಲಿ ಪರೀಕ್ಷಿಸಬೇಡಿ. 650 ನ್ಯಾನೊಮೀಟರಿನಲ್ಲಿ ಆ ಕೋರ್ ಹಲವು ಮೋಡ್‌ಗಳನ್ನು ಒಯ್ಯುತ್ತದೆ. ತಂತುವನ್ನು ಅಲುಗಿಸಿದಾಗ ಹಾಳೆಯ ಮೇಲಿನ ಚುಕ್ಕೆ ಎರಡು ಮೂರು ಹೋಳಾಗಿ ಆಕಾರ ಬದಲಿಸುತ್ತದೆ. ಸಿಂಗಲ್ ಮೋಡ್ ಎಂಬ ಹೆಸರು ಅದಕ್ಕೆ ಒಪ್ಪುವುದು 1310 ನ್ಯಾನೊಮೀಟರಿನಂಥ ಕಣ್ಣಿಗೆ ಕಾಣದ ಬೆಳಕಿನಲ್ಲಿ.