ಯಾವ ಡ್ರಿಪ್, ಯಾರಿಗೆ: ಐಸೋಟೋನಿಕ್, ಹೈಪೋಟೋನಿಕ್, ಹೈಪರ್‌ಟೋನಿಕ್

ಬಾಟ್ಲಿ ನೇತುಹಾಕುವ ಮುನ್ನ ಒಂದು ವಿಷಯ ಖಚಿತವಾಗಿರಬೇಕು: ಈ ರೋಗಿಗೆ ನೀರು ಬೇಕಿರುವುದು ಎಲ್ಲಿ? ರಕ್ತನಾಳದಲ್ಲೋ, ಜೀವಕೋಶದ ಒಳಗೋ, ಇಲ್ಲಾ ಊದಿಕೊಂಡ ಜೀವಕೋಶದಿಂದ ಅದನ್ನು ಹೊರಗೆಳೆಯಬೇಕೋ? ಮೂರು ಬಗೆಯ ದ್ರವಗಳ ವ್ಯತ್ಯಾಸವೆಲ್ಲ ಇಲ್ಲಿದೆ.

ವಾಂತಿ-ಭೇದಿಯಾಗಿ ಬಂದ 50 ಕೆ.ಜಿ. ತೂಕದ ವಯಸ್ಕರೊಬ್ಬರನ್ನು ತೆಗೆದುಕೊಳ್ಳೋಣ. ನಾಡಿ 130, ಮೇಲಿನ ಬಿಪಿ 80, ಕೈಕಾಲು ತಣ್ಣಗಿವೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಎರಡು ಸೆಕೆಂಡಾದರೂ ಇಳಿಯುವುದಿಲ್ಲ. ಇವರಿಗೆ ತುಂಬಬೇಕಿರುವುದು ರಕ್ತನಾಳ. ಹಾಗಾಗಿ ಐಸೋಟೋನಿಕ್, ಅಂದರೆ ಆರ್‌ಎಲ್ ಅಥವಾ 0.9% ಸಲೈನ್ (ಎನ್‌ಎಸ್). ಇವು ಜೀವಕೋಶದೊಳಗೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಒಂದು ಲೀಟರ್ ಕೊಟ್ಟರೆ ಸುಮಾರು ಕಾಲು ಭಾಗ ರಕ್ತದಲ್ಲಿ ಉಳಿದು, ಮಿಕ್ಕದ್ದು ಅಂಗಾಂಶದ ಸಂದುಗಳಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕೆ.ಜಿ.ಗೆ 100 ಮಿ.ಲೀ.: ಮೊದಲ ಅರ್ಧ ಗಂಟೆಯಲ್ಲಿ 1.5 ಲೀಟರ್, ಮುಂದಿನ ಎರಡೂವರೆ ಗಂಟೆಯಲ್ಲಿ 3.5 ಲೀಟರ್. ವಯಸ್ಸಾದವರಲ್ಲಿ, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರಲ್ಲಿ ಈ ವೇಗ ಸಲ್ಲದು, 250 ಮಿ.ಲೀ. ಕೊಟ್ಟು, ಶ್ವಾಸಕೋಶದ ತಳಕ್ಕೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಆಮೇಲೆ ಮುಂದಿನ 250.

ಭೇದಿಯಾದವರಿಗೆ ನಮ್ಮ ಆಯ್ಕೆ ಆರ್‌ಎಲ್. ಎನ್‌ಎಸ್‌ನಲ್ಲಿ ಕ್ಲೋರೈಡ್ 154 ಇದೆ, ರಕ್ತದಲ್ಲಿರುವುದು ನೂರರ ಆಸುಪಾಸು. ಭೇದಿಯಲ್ಲಿ ಬೈಕಾರ್ಬನೇಟ್ ಕಳೆದುಕೊಂಡು ಮೊದಲೇ ಆಮ್ಲ ಏರಿದವರಿಗೆ ಲೀಟರ್‌ಗಟ್ಟಲೆ ಎನ್‌ಎಸ್ ಹೋದರೆ ಆಮ್ಲ ಇನ್ನೂ ಏರುತ್ತದೆ. ಆರ್‌ಎಲ್‌ನ ಲ್ಯಾಕ್ಟೇಟ್ ಲಿವರ್‌ನಲ್ಲಿ ಬೈಕಾರ್ಬನೇಟ್ ಆಗಿ ಬದಲಾಗುತ್ತದೆ. ಬರೀ ವಾಂತಿಯಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಎನ್‌ಎಸ್ ವಾಸಿ. ರಕ್ತ ಹೋಗುತ್ತಿರುವ ಲೈನಿಗೆ ಆರ್‌ಎಲ್ ಬೇಡ. ಅದರ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು.

ಹೆಚ್ಚು ಜನ ಎಡವುವುದು 5% ಡೆಕ್ಸ್‌ಟ್ರೋಸ್‌ನಲ್ಲಿ. ಬಾಟ್ಲಿಯಲ್ಲಿರುವಾಗ ಅದು ಐಸೋಟೋನಿಕ್ಕೇ. ಆದರೆ ಒಳಹೋದ ಸಕ್ಕರೆಯನ್ನು ದೇಹ ಬಳಸಿಬಿಟ್ಟ ಮೇಲೆ ಉಳಿಯುವುದು ಬರೀ ನೀರು, ಅಂದರೆ ಹೈಪೋಟೋನಿಕ್. ಲೀಟರಿನಲ್ಲಿ ಮೂರನೇ ಎರಡು ಭಾಗ ಜೀವಕೋಶದೊಳಗೆ ಸೇರಿ, ರಕ್ತನಾಳದಲ್ಲಿ ನಿಲ್ಲುವುದು 80 ಮಿ.ಲೀ.ಯಷ್ಟು. ಮೇಲಿನ ರೋಗಿಗೆ 'ಸುಸ್ತಾಗಿದೆ, ಗ್ಲೂಕೋಸ್ ಹಾಕಿ' ಎಂದು ಮನೆಯವರು ಕೇಳಿದರೂ ಅದರಿಂದ ಬಿಪಿ ಏರದು, ಬದಲಿಗೆ ಸೋಡಿಯಂ ಇಳಿಯುತ್ತದೆ. ಡಿಎನ್‌ಎಸ್ ಇದಕ್ಕೆ ತದ್ವಿರುದ್ಧ: ಬಾಟ್ಲಿಯಲ್ಲಿ ಹೈಪರ್‌ಟೋನಿಕ್, ದೇಹದೊಳಗೆ ಎನ್‌ಎಸ್‌ನಂತೆಯೇ ವರ್ತಿಸುತ್ತದೆ.

ಹೈಪೋಟೋನಿಕ್ ಬೇಕಾಗುವುದು ಬೇರೆಯವರಿಗೆ. ಪಾರ್ಶ್ವವಾಯುವಾಗಿ ನೀರು ಕೇಳಲೂ ಆಗದೆ ಮಲಗಿರುವ 50 ಕೆ.ಜಿ.ಯ ಅಜ್ಜಿ, ಸೋಡಿಯಂ 158. ಬಿಪಿ ಸರಿಯಿದೆ, ಜೀವಕೋಶಗಳು ಒಣಗಿವೆ. ವಯಸ್ಸಾದ ಹೆಂಗಸರಲ್ಲಿ ದೇಹದ ನೀರು ತೂಕದ 45%, ಅಂದರೆ 22.5 ಲೀಟರ್. ಅದನ್ನು (158 ÷ 140 − 1)ರಿಂದ ಗುಣಿಸಿದರೆ ಕೊರತೆ ಸುಮಾರು 2.9 ಲೀಟರ್. ಇಷ್ಟನ್ನೂ ಒಂದೇ ದಿನ ಸುರಿದರೆ ಮಿದುಳು ಊದುತ್ತದೆ. ಸೋಡಿಯಂ ದಿನಕ್ಕೆ 10ಕ್ಕಿಂತ ಹೆಚ್ಚು ಇಳಿಸಬಾರದು, ಅಂದರೆ 1.6 ಲೀಟರಿನಷ್ಟು ನೀರು, ಜೊತೆಗೆ ಆ ದಿನ ಮೂತ್ರ-ಬೆವರಿನಲ್ಲಿ ಹೋದದ್ದು. 0.45% ಸಲೈನಿನಲ್ಲಿ ಅರ್ಧ ಮಾತ್ರ ಶುದ್ಧ ನೀರಿನ ಲೆಕ್ಕ, ಹಾಗಾಗಿ ಅದನ್ನೇ ಕೊಡುವುದಾದರೆ ಎರಡು ಪಟ್ಟು ಬೇಕು. ಹೊಟ್ಟೆ ಕೆಲಸ ಮಾಡುತ್ತಿದ್ದರೆ ಮೂಗಿನ ನಳಿಕೆಯಲ್ಲಿ ಕುಡಿಯುವ ನೀರು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಆಪರೇಷನ್ ಆದವರಿಗೆ, ನ್ಯುಮೋನಿಯಾ ಇರುವ ಮಕ್ಕಳಿಗೆ ದಿನವಹಿ ಡ್ರಿಪ್ ಆಗಿ ಹೈಪೋಟೋನಿಕ್ ಹಾಕುವ ಹಳೆಯ ರೂಢಿಯನ್ನು ಮಾತ್ರ ಬಿಡಲೇಬೇಕು. ನೋವು, ವಾಕರಿಕೆ, ಸೋಂಕು ಇರುವಾಗ ದೇಹ ಎಡಿಎಚ್ ಹಾರ್ಮೋನು ಸುರಿಸಿ ನೀರನ್ನು ಹಿಡಿದಿಡುತ್ತದೆ. ಸೋಡಿಯಂ ಕುಸಿಯುತ್ತಿರುವುದಕ್ಕೆ ಮೊದಲ ಗುರುತು ತಲೆನೋವು, ಮತ್ತೆ ವಾಂತಿ, ಮಂಕು, ಆಮೇಲೆ ಫಿಟ್ಸ್. 28 ದಿನ ದಾಟಿದ ಮಕ್ಕಳಿಗೆ ಐಸೋಟೋನಿಕ್ಕನ್ನೇ, ಡೆಕ್ಸ್‌ಟ್ರೋಸ್ ಮತ್ತು ಪೊಟ್ಯಾಸಿಯಂ ಸೇರಿಸಿ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲೇ ಹೇಳಿದೆ.

ಹೈಪರ್‌ಟೋನಿಕ್ ಎಂದರೆ ಮುಖ್ಯವಾಗಿ 3% ಸಲೈನ್, ಲೀಟರಿಗೆ ಸೋಡಿಯಂ 513. ಸೋಡಿಯಂ 112ಕ್ಕೆ ಇಳಿದು ಫಿಟ್ಸ್ ಬಂದವರಿಗೆ 100ರಿಂದ 150 ಮಿ.ಲೀ. ಹತ್ತು ನಿಮಿಷದಲ್ಲಿ, ಫಿಟ್ಸ್ ನಿಲ್ಲದಿದ್ದರೆ ಇನ್ನೆರಡು ಸಲ. ಸೋಡಿಯಂ ನಾಲ್ಕರಿಂದ ಆರು ಏರಿದರೆ ಸಾಕು, ಅಲ್ಲಿಗೆ ನಿಲ್ಲಿಸಿ. 140 ಮುಟ್ಟಿಸುವ ಆತುರ ಅಪಾಯ: 24 ಗಂಟೆಯಲ್ಲಿ ಎಂಟು ದಾಟದಂತೆ ನೋಡಿಕೊಳ್ಳಬೇಕು. ಕುಡಿತದ ಚಟವಿರುವವರು, ಊಟವಿಲ್ಲದೆ ಸೊರಗಿದವರು, ಪೊಟ್ಯಾಸಿಯಂ ಕಡಿಮೆ ಇರುವವರಲ್ಲಂತೂ ಇದು ಕಟ್ಟುನಿಟ್ಟು. ವೇಗವಾಗಿ ಏರಿದರೆ ಮಿದುಳುಕಾಂಡದ ನರಗಳ ಹೊದಿಕೆ ಕಳಚುತ್ತದೆ. ಅದು ಕಾಣಿಸುವುದು ಕೆಲವು ದಿನಗಳ ನಂತರ, ಮಾತು ತೊದಲಿ, ನುಂಗಲು ಆಗದೆ, ಕೈಕಾಲು ಸೋತಾಗ.

ಲ್ಯಾಬ್ ವರದಿ ಬರುವುದಕ್ಕಿಂತ ಮೊದಲೇ ಎಚ್ಚರಿಸುವುದು ಮೂತ್ರದ ಚೀಲ. 3% ಕೊಟ್ಟ ಮೇಲೆ ಗಂಟೆಗೆ 100 ಮಿ.ಲೀ.ಗಿಂತ ಹೆಚ್ಚು ತಿಳಿ ಮೂತ್ರ ಬರತೊಡಗಿದರೆ, ದೇಹ ತಾನೇ ನೀರನ್ನು ಹೊರಹಾಕುತ್ತಿದೆ, ಸೋಡಿಯಂ ಮಿತಿ ಮೀರಲಿದೆ ಎಂದರ್ಥ. ಆಗ ಎರಡು ಗಂಟೆಗೊಮ್ಮೆ ಸೋಡಿಯಂ ನೋಡಿ. ಮಿತಿ ದಾಟುವಂತಿದ್ದರೆ 5% ಡೆಕ್ಸ್‌ಟ್ರೋಸ್, ಅಗತ್ಯವಿದ್ದರೆ ಡೆಸ್ಮೋಪ್ರೆಸಿನ್ ಕೂಡ, ಹಿರಿಯ ವೈದ್ಯರನ್ನು ಕೇಳಿ ಶುರುಮಾಡಬೇಕು.